ಹಟ್ಟಿ ತೇರಿಗೆ ಬರೋರು ಸಂಕ್ರಾಂತಿಗೇ ಪಂಚಾಂಗ ನೋಡ್ರಿ

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿಗೆ ಬೆಂಗಳೂರಿಂದ ಮಕ್ಕಳು ಬರ್ತಾರೆ ಅಂದ್ರೆ ನಮ್ಮ ರಾಂಪುರದ ಮನೆಗಳಲ್ಲಿ ಹಬ್ಬನೇ. ಆದ್ರೆ "ಹೋದ ವರ್ಷ ಇದೇ ತಾರೀಕು ಇತ್ತಲ್ವೇನಮ್ಮಾ" ಅಂತ ರಜ ಹಾಕಿದ್ರೆ ಕೆಲಸ ಕೆಟ್ಟಂಗೆ. ತೇರು ನಡೆಯೋದು ಫಾಲ್ಗುಣದ ಚಿತ್ತಾ ನಕ್ಷತ್ರಕ್ಕೆ, ಅಂದ್ರೆ ಹೋಳಿ ಹುಣ್ಣಿಮೆ ಆದ ಒಂದೆರಡು ಮೂರು ದಿನಕ್ಕೆ. 2023ರಲ್ಲಿ ಮಾರ್ಚ್ 10ಕ್ಕೆ ಬಂತು. ಆ ವರ್ಷ ಅಧಿಕ ಮಾಸ ಬಂದಿದ್ದಕ್ಕೆ 2024ರಲ್ಲಿ ಮಾರ್ಚ್ 26ಕ್ಕೆ ಹೋಯ್ತು. 2025ರಲ್ಲಿ ಮತ್ತೆ ಹಿಂದಕ್ಕೆ ಸರಿದು 16ಕ್ಕೆ ಬಂತು.

ಫಾಲ್ಗುಣ ವರ್ಷದ ಕೊನೇ ತಿಂಗಳು. ಹಂಗಾಗಿ ಹೋದ ಯುಗಾದಿಗೆ ತಂದ ಪಂಚಾಂಗದಲ್ಲೇ ಈ ತೇರಿನ ದಿನ ಸಿಗತೈತೆ, ಹೊಸದಕ್ಕೆ ಕಾಯಬೇಕಿಲ್ಲ. ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲು ತೆಗೀತಾರೆ. 2025ರ ಲೆಕ್ಕ ನೋಡ್ರಿ: ತೇರು ಭಾನುವಾರ, ಶುಕ್ರವಾರ ಮಾರ್ಚ್ 14ರ ರಾತ್ರಿ ಬೆಂಗಳೂರಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರೆ ಶನಿವಾರ ಬೆಳಿಗ್ಗೆ ಬಳ್ಳಾರಿ, ಅಲ್ಲಿಂದ ಬಸ್ಸಿಗೆ ರಾಂಪುರ. ಆ ಟಿಕೆಟ್ ತೆಗೆದಿದ್ದು ಜನವರಿ 13ಕ್ಕೆ, ಸಂಕ್ರಾಂತಿ ಹಿಂದಿನ ದಿನ. ಅದಕ್ಕೇ ಎಳ್ಳು-ಬೆಲ್ಲ ಬೆರೆಸೋ ಹೊತ್ತಿಗೆ ಪಂಚಾಂಗನೂ ಕೆಳಗಿಳಿಸಿ ಅನ್ನೋದು ನಾನು. ವಾಪಸ್ ಟಿಕೆಟ್ ಮಾತ್ರ ತೇರಿನ ರಾತ್ರಿಗೇ ಇಡಬೇಡ್ರಿ. ತೇರು ಮುಗಿದ ಮೇಲೆ ಎಲ್ಲರೂ ಒಟ್ಟಿಗೇ ರಸ್ತೆಗಿಳೀತಾರೆ, ಬಸ್ಸು ಸಿಕ್ಕರೂ ಬೇಗ ಮುಂದಕ್ಕೆ ಹೋಗಲ್ಲ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸದೇ ಇರಬಹುದು. ಕೈಗೂಸು ಇರೋ ಸೊಸೆಯನ್ನ, ಮೊಣಕಾಲು ನೋವಿನ ಅತ್ತೆಯನ್ನ ತೇರಿನ ದಿನವೇ ಕರ್ಕೊಂಡು ಹೋಗಬೇಕು ಅನ್ನೋದು ಸರಿಯಲ್ಲ. ಮಾರ್ಚ್ ಬಿಸಿಲು, ಮಧ್ಯಾಹ್ನದ ನೂಕುನುಗ್ಗಲು, ನೆರಳು ಕಮ್ಮಿ. ಅವರನ್ನ ಒಂದೆರಡು ದಿನ ಮುಂಚೆ ಬೆಳಿಗ್ಗೆ ಹೊತ್ತು ಕರ್ಕೊಂಡು ಹೋದ್ರೆ ಒಳಮಠ, ಹೊರಮಠ ಎರಡೂ ಕಣ್ತುಂಬ ನೋಡಿ ಬರಬಹುದು. ಹರಕೆ ಸ್ವಾಮಿಗೆ ಮುಟ್ಟತೈತೆ, ಜನ ಎಷ್ಟಿದ್ರು ಅಂತ ಅವನು ಎಣಿಸಲ್ಲ.

ತೇರಿಗೇ ಹೋಗೋರು ಒಂದಿಷ್ಟು ನೆನಪಿಡ್ರಿ. ಬಾಳೆಹಣ್ಣು ತೂರೋದು ತೇರಿನ ಕಡೆಗೆ, ಮುಂದೆ ನಿಂತೋರ ತಲೆಗಲ್ಲ. ಗಾಲಿ ಹತ್ರ ಹೋಗಬೇಡ್ರಿ, ಬಿದ್ದ ಹಣ್ಣು ತುಳಿದ್ರೆ ಕಾಲು ಜಾರತೈತೆ. ಕೊಬ್ಬರಿ ಸುಡೋ ಜಾಗದಲ್ಲಿ ಎಣ್ಣೆ ಕರಗಿ ಉರಿ ದೊಡ್ಡದಾಗತೈತೆ. ಅಲ್ಲಿಗೆ ನೈಲಾನ್ ಸೀರೆ ಬೇಡ, ಹತ್ತಿ ಸೀರೆ ಉಟ್ಟು ಸೆರಗು ಸಿಗಿಸಿಕೊಳ್ಳಿ, ಕೊಬ್ಬರಿ ಹಾಕಿ ಬೇಗ ಸರೀರಿ. ಹರಕೆ ತೀರಿಸೋರ ಮುಖಕ್ಕೆ ಫೋನ್ ಹಿಡಿಯೋದಂತೂ ಬೇಡವೇ ಬೇಡ. ಅವರು ಕಣ್ಣೀರು ಹಾಕೋದು ದೇವರ ಮುಂದೆ, ನಮ್ಮ ಸ್ಟೇಟಸ್‌ಗೆ ಅಲ್ಲ.