ಮನೆಯ ಲೆಕ್ಕ: ಡಾಲರಿನ ಶುಲ್ಕಕ್ಕೆ ರೂಪಾಯಿಯ ಉಳಿತಾಯ

ಹಾಸನದ ವಾಚಕ ಮಹನೀಯರೊಬ್ಬರು ಈ ವಾರ ಪತ್ರದೊಡನೆ ತಾವೇ ಮಾಡಿದ ಲೆಕ್ಕದ ಹಾಳೆಯೊಂದನ್ನೂ ಲಗತ್ತಿಸಿ ಕಳುಹಿಸಿದ್ದಾರೆ. ದಂಪತಿಗಳಿಬ್ಬರೂ ಉದ್ಯೋಗಸ್ಥರು. ಒಬ್ಬಳೇ ಮಗಳು, ಏಳನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಇಲ್ಲಿಯೇ ಎಂಜಿನಿಯರಿಂಗ್ ಮುಗಿಸಿದ ತರುವಾಯ, ಅಂದರೆ ಇನ್ನು ಹತ್ತು ವರ್ಷಕ್ಕೆ, ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಆಕೆಯನ್ನು ಅಮೆರಿಕೆಗೆ ಕಳುಹಿಸಬೇಕೆಂಬುದು ಅವರ ಅಭಿಲಾಷೆ. ಅವರು ನೋಡಿದ ವಿಶ್ವವಿದ್ಯಾಲಯದ ಈಗಿನ ಶುಲ್ಕ ವರ್ಷಕ್ಕೆ 25,000 ಡಾಲರು, ಎರಡು ವರ್ಷಕ್ಕೆ 50,000. ಡಾಲರಿಗೆ 90 ರೂಪಾಯಿಯಂತೆ ಹಿಡಿದರೆ 45 ಲಕ್ಷ. ಅದನ್ನು 120 ತಿಂಗಳುಗಳಿಂದ ಭಾಗಿಸಿ, ತಿಂಗಳಿಗೆ 37,500 ರೂಪಾಯಿ ಉಳಿಸಿದರೆ ಸಾಕು ಎಂದು ಅವರು ತೀರ್ಮಾನಿಸಿದ್ದರು. ಅಷ್ಟರಲ್ಲಿ ವಿಮೆಯ ಏಜೆಂಟರೊಬ್ಬರು ಮನೆಗೆ ಬಂದು, ಬೇಕಾಗುವುದು 45 ಲಕ್ಷವಲ್ಲ, 1 ಕೋಟಿ 65 ಲಕ್ಷ ಎಂದು ಕಾಗದದ ಮೇಲೆ ತೋರಿಸಿ ಹೋದರಂತೆ. ಆ ಮೊತ್ತವನ್ನು ಕಂಡು ಪತ್ನಿ, ಈ ಮಾತನ್ನು ಮಗಳ ಮುಂದೆ ಇನ್ನು ಎತ್ತುವುದೇ ಬೇಡ ಎಂದುಬಿಟ್ಟಿದ್ದಾರೆ. ಎರಡು ಲೆಕ್ಕಗಳಲ್ಲಿ ಯಾವುದು ಸರಿ ಎಂಬುದು ಅವರ ಪ್ರಶ್ನೆ.

ಎರಡೂ ಸರಿಯಲ್ಲ. ಆದರೆ ಹಾಸನದ ಮಹನೀಯರ ಲೆಕ್ಕ ಸತ್ಯಕ್ಕೆ ಹೆಚ್ಚು ಸಮೀಪವಾಗಿದೆ. ಅವರು ನಿರೀಕ್ಷಿಸದ ರೀತಿಯಲ್ಲಿ ಸಮೀಪವಾಗಿದೆ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ಏಜೆಂಟರ ಲೆಕ್ಕವನ್ನು ನೋಡೋಣ. ವಿದ್ಯಾಭ್ಯಾಸದ ವೆಚ್ಚ ವರ್ಷಕ್ಕೆ ನೂರಕ್ಕೆ 10ರಂತೆ ಏರುತ್ತದೆಯೆಂದು ಅವರು ಹಿಡಿದಿದ್ದಾರೆ. ಅದರ ಮೇಲೆ ರೂಪಾಯಿಯ ಇಳಿತಕ್ಕಾಗಿ ಇನ್ನೂ ಮೂರೂವರೆಯನ್ನು ಪೇರಿಸಿದ್ದಾರೆ. ಈ ಹತ್ತು ಎಂಬ ಅಂಕೆ ನಮ್ಮ ದೇಶದ ಖಾಸಗಿ ಕಾಲೇಜುಗಳ ಸಂಬಂಧದಲ್ಲಿ ಬಳಕೆಗೆ ಬಂದದ್ದು. ಅದು ರೂಪಾಯಿಯ ಏರಿಕೆ. ರೂಪಾಯಿಯ ಬೆಲೆ ಇಳಿದು ವಸ್ತುಗಳು ತುಟ್ಟಿಯಾದ ಪರಿಣಾಮ ಅದರಲ್ಲಿ ಆಗಲೇ ಸೇರಿಹೋಗಿದೆ. ಅಮೆರಿಕದ ಕಾಲೇಜು ತನ್ನ ಶುಲ್ಕವನ್ನು ಡಾಲರಿನಲ್ಲಿ ಏರಿಸುತ್ತದೆ. ಆದುದರಿಂದ ಡಾಲರಿನ ಏರಿಕೆಯನ್ನೂ ರೂಪಾಯಿಯ ಇಳಿತವನ್ನೂ ಬೇರೆ ಬೇರೆಯಾಗಿ ಅಂದಾಜು ಮಾಡಿ, ಕೊನೆಗೆ ಒಂದನ್ನು ಇನ್ನೊಂದರಿಂದ ಗುಣಿಸಬೇಕು. ಭಾರತದ ಏರಿಕೆಯನ್ನು ತೆಗೆದುಕೊಂಡು ಅದಕ್ಕೆ ನಾಣ್ಯದ ಇಳಿತವನ್ನೂ ಕೂಡಿಸಿದರೆ ಒಂದೇ ಹೊರೆಯನ್ನು ಎರಡು ಬಾರಿ ಹೊತ್ತಂತಾಗುತ್ತದೆ.

ಶುಲ್ಕದ ಅಂದಾಜು ವಿಶ್ವವಿದ್ಯಾಲಯದ ಸ್ವಂತ ಪ್ರಕಟಣೆಯಿಂದಲೇ ಆರಂಭವಾಗಬೇಕು, ಮಧ್ಯವರ್ತಿಗಳ ಪಟ್ಟಿಯಿಂದಲ್ಲ. ಅಲ್ಲಿನ ಅನೇಕ ಸಂಸ್ಥೆಗಳು ಶುಲ್ಕವನ್ನು ವರ್ಷದ ಲೆಕ್ಕದಲ್ಲಲ್ಲದೆ ಕ್ರೆಡಿಟ್ಟಿನ ಲೆಕ್ಕದಲ್ಲಿ ವಿಧಿಸುತ್ತವೆ. ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ಮೂವತ್ತರಿಂದ ಮೂವತ್ತಾರು ಕ್ರೆಡಿಟ್ಟುಗಳು ಬೇಕಾಗುತ್ತವೆ. ಒಟ್ಟು ಎಷ್ಟು ಕ್ರೆಡಿಟ್ಟು, ಒಂದಕ್ಕೆ ಎಷ್ಟು ಡಾಲರು ಎಂದು ಗುಣಿಸಿ ನೋಡದೆ ‘ವರ್ಷಕ್ಕೆ ಇಷ್ಟು’ ಎಂಬ ಮಾತನ್ನು ನಂಬಬಾರದು. ಸರ್ಕಾರಿ ವಿಶ್ವವಿದ್ಯಾಲಯವಾದರೆ ಆ ರಾಜ್ಯದ ನಿವಾಸಿಗಳಿಗೊಂದು ದರ, ಹೊರಗಿನವರಿಗೊಂದು ದರ. ನಮಗೆ ಅನ್ವಯಿಸುವುದು ಎರಡನೆಯದು. ಆರೋಗ್ಯವಿಮೆ ಮುಂತಾದ ಕಡ್ಡಾಯ ಬಾಬುಗಳೂ ಸೇರಬೇಕು. ನಮ್ಮ ವಾಚಕರ 25,000ದಲ್ಲಿ ಇವೆಲ್ಲವೂ ಸೇರಿವೆಯೆಂದು ತಿಳಿಯೋಣ. ಊಟ ವಸತಿಗಳ ವೆಚ್ಚ ಇದರಲ್ಲಿ ಸೇರಿಲ್ಲ. ಅದಕ್ಕೆ ಇದೇ ಕ್ರಮದಲ್ಲಿ ಬೇರೊಂದು ಹಾಳೆಯನ್ನು ತೆರೆಯಬೇಕು. ಡಾಲರಿನಲ್ಲಿ ಶುಲ್ಕ ವರ್ಷಕ್ಕೆ ನೂರಕ್ಕೆ 3ರಂತೆ ಏರುವುದೆಂದು ಹಿಡಿಯುತ್ತೇನೆ. ಆ ವಿಶ್ವವಿದ್ಯಾಲಯದ ಹಿಂದಿನ ಐದಾರು ವರ್ಷಗಳ ಶುಲ್ಕ ದೊರೆತರೆ ಈ ಅಂಕೆಯನ್ನು ತಿದ್ದಿಕೊಳ್ಳಬಹುದು.

ಇನ್ನು ರೂಪಾಯಿಯ ಇಳಿತ. 2004ರ ಕೊನೆಗೆ ಒಂದು ಡಾಲರಿಗೆ ಸುಮಾರು 43 ರೂಪಾಯಿ 50 ಪೈಸೆ ಇತ್ತು. 2014ರ ಕೊನೆಗೆ 63 ದಾಟಿತ್ತು. 2024ರ ಕೊನೆಗೆ 85 ದಾಟಿತ್ತು. ಇಪ್ಪತ್ತು ವರ್ಷಗಳಲ್ಲಿ ಹತ್ತಿರ ಹತ್ತಿರ ಎರಡರಷ್ಟಾಯಿತು. ಚಕ್ರಬಡ್ಡಿಯ ರೀತಿಯಲ್ಲಿ ಎಣಿಸಿದರೆ ವರ್ಷಕ್ಕೆ ಸುಮಾರು ಮೂರೂವರೆ. ಇನ್ನೊಂದು ದಾರಿಯಿಂದಲೂ ಇದನ್ನು ಪರೀಕ್ಷಿಸಬಹುದು. ನಮ್ಮ ರಿಸರ್ವ್ ಬ್ಯಾಂಕಿನ ಮುಂದಿರುವ ಹಣದುಬ್ಬರದ ಗುರಿ ನೂರಕ್ಕೆ 4, ಅಮೆರಿಕದ ಕೇಂದ್ರ ಬ್ಯಾಂಕಿನದು 2. ಎರಡೂ ತಮ್ಮ ಗುರಿಯನ್ನು ಮುಟ್ಟಿದರೂ ವ್ಯತ್ಯಾಸದ ಎರಡರಷ್ಟು ರೂಪಾಯಿ ಸವೆಯುವುದು ಸಹಜ. ಆದ್ದರಿಂದ ಎರಡಕ್ಕಿಂತ ಕಡಿಮೆ ಹಿಡಿಯುವುದು ವಿವೇಕವಲ್ಲ. ಮೂರೂವರೆ ಮಧ್ಯಮ ಅಂದಾಜು. ಐದು ಕಠಿಣ ಅಂದಾಜು. ಇದು ಡಾಲರಿನ ಮಾತು ಮಾತ್ರ. ಇಂಗ್ಲೆಂಡಿಗೆ ಹೋಗುವವರು ಪೌಂಡಿನ ಚರಿತ್ರೆಯನ್ನೇ ನೋಡಬೇಕು: 2016ರ ಜೂನಿನಲ್ಲಿ ನೂರು ರೂಪಾಯಿಯ ಸಮೀಪವಿದ್ದ ಪೌಂಡು, ಯೂರೋಪಿನ ಒಕ್ಕೂಟವನ್ನು ಬಿಡುವ ಮತದಾನವಾದ ಮೇಲೆ ಅದೇ ವರ್ಷದ ಅಕ್ಟೋಬರಿನಲ್ಲಿ 83ರ ಆಸುಪಾಸಿಗೆ ಇಳಿದಿತ್ತು.

ಮಧ್ಯಮ ಅಂದಾಜಿನಂತೆ ಹತ್ತು ವರ್ಷದ ತರುವಾಯ ಡಾಲರಿಗೆ ಸುಮಾರು 127 ರೂಪಾಯಿ, ಮೊದಲ ವರ್ಷದ ಶುಲ್ಕ ಸುಮಾರು 33,600 ಡಾಲರು; ಅಂದರೆ 42 ಲಕ್ಷ 65 ಸಾವಿರ ರೂಪಾಯಿ. ಮರುವರ್ಷದ್ದು 45 ಲಕ್ಷ 50 ಸಾವಿರದ ಹತ್ತಿರ. ಒಟ್ಟು 88 ಲಕ್ಷ. ಏಜೆಂಟರು ಹೇಳಿದ ಮೊತ್ತದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿತಾಯದ ಮೇಲೆ ತೆರಿಗೆ ಕಳೆದು ವರ್ಷಕ್ಕೆ ನೂರಕ್ಕೆ 7ರಂತೆ ಆದಾಯ ಬರುವುದಾದರೆ, ಮತ್ತು ಎರಡನೆಯ ವರ್ಷದ ಹಣಕ್ಕೆ ಒಂದು ವರ್ಷ ಹೆಚ್ಚಿನ ಅವಕಾಶವಿರುವುದನ್ನು ಗಣಿಸಿದರೆ, ಹತ್ತು ವರ್ಷವೂ ಒಂದೇ ಸಮನಾಗಿ ತಿಂಗಳಿಗೆ ಸುಮಾರು 49,800 ರೂಪಾಯಿ ಕಟ್ಟಬೇಕು. ರೂಪಾಯಿ ವರ್ಷಕ್ಕೆ ಎರಡರಂತೆ ಮಾತ್ರ ಇಳಿದರೆ 42,700 ಸಾಕು. ಐದರಂತೆ ಇಳಿದರೆ 57,900 ಬೇಕು.

ಇಲ್ಲಿ ಒಂದು ಸ್ವಾರಸ್ಯವಿದೆ. ಶುಲ್ಕದ ಏರಿಕೆಯನ್ನೂ ರೂಪಾಯಿಯ ಇಳಿತವನ್ನೂ ಗುಣಿಸಿದಾಗ ವೆಚ್ಚ ವರ್ಷಕ್ಕೆ ಸುಮಾರು 6.6ರಂತೆ ಬೆಳೆಯುತ್ತದೆ. ಉಳಿತಾಯವೂ ಹೆಚ್ಚು ಕಡಿಮೆ ಅದೇ ವೇಗದಲ್ಲಿ, ಏಳರಂತೆ, ಬೆಳೆಯುತ್ತದೆ. ಒಂದು ಇನ್ನೊಂದನ್ನು ಸರಿಗಟ್ಟುತ್ತದೆ. ಆದುದರಿಂದ ಈ ದಿನದ ಶುಲ್ಕವನ್ನು ಈ ದಿನದ ದರದಲ್ಲಿ ರೂಪಾಯಿಗೆ ತಿರುಗಿಸಿ 120ರಿಂದ ಭಾಗಿಸಿದರೆ ಬರುವ 37,500 ತಪ್ಪಲ್ಲ. ಆದರೆ ಅದು ಮೊದಲನೆಯ ವರ್ಷದ ಕಂತು, ಹತ್ತು ವರ್ಷದ ಕಂತಲ್ಲ. ಅದನ್ನು ಪ್ರತಿವರ್ಷವೂ ಸುಮಾರು ಏಳರಂತೆ ಏರಿಸುತ್ತ ಹೋದರೆ ಗುರಿ ಮುಟ್ಟುತ್ತದೆ. ನಮ್ಮ ಮಹನೀಯರು ಬಿಟ್ಟದ್ದು ಈ ಏರಿಕೆಯನ್ನು ಮಾತ್ರ. ಸಂಬಳ ವರ್ಷವರ್ಷ ಏರುವ ಸಂಸಾರಕ್ಕೆ, ಮೊದಲ ತಿಂಗಳಿನಿಂದಲೇ 49,800 ಕಟ್ಟುವುದಕ್ಕಿಂತ ಇದು ಸುಲಭವಾದ ಮಾರ್ಗ.

ಎಷ್ಟು ಏರಿಸಬೇಕೆಂಬುದನ್ನೂ ಮುಂಚೆಯೇ ಊಹಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ, ಏಪ್ರಿಲ್ ತಿಂಗಳಿನಲ್ಲಿ ಎನ್ನೋಣ, ಹೊಸ ಶುಲ್ಕವನ್ನು ಹೊಸ ದರದಿಂದ ಗುಣಿಸಬೇಕು. ಅದರಿಂದ ಆವರೆಗೆ ಕೂಡಿರುವ ಹಣವನ್ನು ಕಳೆದು, ಉಳಿದ ತಿಂಗಳುಗಳಿಂದ ಭಾಗಿಸಬೇಕು. ಮುಂದಿನ ಏಪ್ರಿಲ್ಲಿನಲ್ಲಿ ಎರಡು ವರ್ಷದ ಶುಲ್ಕ 51,500 ಡಾಲರು, ದರ 93 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 47 ಲಕ್ಷ 90 ಸಾವಿರ. ಕೂಡಿರುವುದು ಬಡ್ಡಿ ಸಹಿತ 4 ಲಕ್ಷ 64 ಸಾವಿರ. ಉಳಿದ 43 ಲಕ್ಷ 26 ಸಾವಿರವನ್ನು 108 ತಿಂಗಳಿಗೆ ಹಂಚಿದರೆ ಕಂತು 40,050. ಅಕಸ್ಮಾತ್ ರೂಪಾಯಿ ಬಲಗೊಂಡು ದರ 88ಕ್ಕೆ ಇಳಿದಿದ್ದರೆ ಕಂತು 37,700 ಮಾತ್ರ. 97ಕ್ಕೆ ಹೋಗಿದ್ದರೆ ಸುಮಾರು 42,000. ದರವನ್ನು ನೋಡುವಾಗ ಪತ್ರಿಕೆಯಲ್ಲಿ ಬಂದದ್ದನ್ನು ನೋಡಬೇಡಿ. ಹೊರದೇಶಕ್ಕೆ ಹಣ ಕಳುಹಿಸುವಾಗ ಬ್ಯಾಂಕು ನಮಗೆ ಡಾಲರನ್ನು ಮಾರುವ ದರವನ್ನು ಕೇಳಿ. ಅದು ಯಾವಾಗಲೂ ಸ್ವಲ್ಪ ಹೆಚ್ಚೇ ಇರುತ್ತದೆ. ಹಣವನ್ನು ತೆರಿಗೆ ಬೀಳುವ ಠೇವಣಿಯಲ್ಲಿಟ್ಟು ಕೈಗೆ ನೂರಕ್ಕೆ ಐದೇ ಬರುವುದಾದರೆ, ಉಳಿತಾಯ ವೆಚ್ಚದ ಹಿಂದೆ ಬೀಳುತ್ತದೆ. ಆಗ ಪ್ರತಿ ಏಪ್ರಿಲ್ಲಿನಲ್ಲೂ ಕಂತು ಏಳಕ್ಕಿಂತ ಹೆಚ್ಚಾಗಿ ಏರುತ್ತಿರುವುದೇ ಅದರ ಕುರುಹು.

ಈ ಕ್ರಮದ ದೌರ್ಬಲ್ಯ ಕೊನೆಯ ವರ್ಷಗಳಲ್ಲಿದೆ. ರೂಪಾಯಿ ಇಳಿಜಾರಿನಲ್ಲಿ ಇಳಿಯುವುದಿಲ್ಲ, ಮೆಟ್ಟಿಲಿನಲ್ಲಿ ಇಳಿಯುತ್ತದೆ. 1966ರ ಜೂನ್ 6ರಂದು ಒಂದೇ ದಿನದಲ್ಲಿ ಡಾಲರಿನ ಬೆಲೆ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಹೋದದ್ದನ್ನು ಹಿರಿಯರು ಬಲ್ಲರು. 2002ರಲ್ಲಿ 48ರ ಮೇಲಿದ್ದ ಡಾಲರು 2007ರ ಕೊನೆಗೆ ನಲವತ್ತಕ್ಕಿಂತ ಕೆಳಗೆ ಬಂದದ್ದೂ ಉಂಟು. 2013ರಲ್ಲಿಯಾದರೋ, ಮೇ ತಿಂಗಳಿನ ಆರಂಭದಲ್ಲಿ 54ರ ಹತ್ತಿರವಿದ್ದದ್ದು ಆಗಸ್ಟ್ 28ರಂದು 68ನ್ನು ದಾಟಿತು. ಅಮೆರಿಕದ ಕಾಲೇಜುಗಳು ಮೊದಲ ಸೆಮಿಸ್ಟರಿನ ಹಣವನ್ನು ಕೇಳುವುದು ಆಗಸ್ಟಿನಲ್ಲಿಯೇ ಎಂಬುದನ್ನು ನೆನೆದರೆ ಆ ವರ್ಷದ ತಂದೆತಾಯಿಗಳ ಪಾಡು ತಿಳಿಯುತ್ತದೆ.

ಇಂತಹ ಹತ್ತರಷ್ಟು ನೆಗೆತ ಈ ವರ್ಷವೇ ಬಂದರೆ ವೆಚ್ಚಕ್ಕೆ 4 ಲಕ್ಷ 50 ಸಾವಿರ ಕೂಡುತ್ತದೆ. 120 ತಿಂಗಳಿಗೆ ಹಂಚಿದರೆ ತಿಂಗಳಿಗೆ 3,750, ತಾಳಿಕೊಳ್ಳಬಹುದು. ಅದೇ ನೆಗೆತ ಎಂಟು ವರ್ಷದ ತರುವಾಯ ಬಂದರೆ ಸುಮಾರು 75 ಲಕ್ಷದ ಮೇಲೆ ಏಳೂವರೆ ಲಕ್ಷ. ಉಳಿದಿರುವುದು 24 ತಿಂಗಳು. ತಿಂಗಳಿಗೆ 31,000ಕ್ಕೂ ಮೀರಿದ ಹೆಚ್ಚಿನ ಹೊರೆ. ಅದನ್ನು ಯಾವ ಸಂಬಳದಿಂದಲೂ ದಿಢೀರನೆ ತೆಗೆಯಲಾಗದು.

ಆದುದರಿಂದ ಏಳನೆಯ ವರ್ಷದಿಂದ ಕಂತಿನೊಡನೆ ಒಂದು ಮೀಸಲು ನಿಧಿಯನ್ನೂ ಕಟ್ಟಬೇಕು; ಮೊದಲ ವರ್ಷದ ಶುಲ್ಕದ ಹತ್ತರಿಂದ ಹದಿನೈದರಷ್ಟಿದ್ದರೆ ಉತ್ತಮ. ಉಳಿತಾಯದ ಒಂದು ಭಾಗವನ್ನು ಅಮೆರಿಕದ ಷೇರುಗಳಲ್ಲಿ ತೊಡಗಿಸುವ ಮ್ಯೂಚುಯಲ್ ಫಂಡುಗಳಲ್ಲಿ ಇಡುವವರಿದ್ದಾರೆ. ಡಾಲರು ಏರಿದಾಗ ಅವುಗಳ ರೂಪಾಯಿ ಬೆಲೆಯೂ ಏರುವುದು ನಿಜ. ಆದರೆ ಷೇರುಪೇಟೆ ಬೇಕಾದ ವರ್ಷದಲ್ಲಿಯೇ ಕುಸಿಯಬಹುದು. ಹೊರಡಲು ಮೂರು ವರ್ಷವಿರುವಾಗ ಆ ಭಾಗವನ್ನು ಠೇವಣಿಗೆ ಇಳಿಸತೊಡಗುವುದು ನನ್ನ ಸಲಹೆ. ಶುಲ್ಕವನ್ನು ಒಮ್ಮೆಲೇ ಕಟ್ಟಬೇಕಾಗಿಲ್ಲ ಎಂಬುದು ಒಂದು ಸಮಾಧಾನ: ಎರಡು ವರ್ಷಕ್ಕೆ ನಾಲ್ಕು ಸೆಮಿಸ್ಟರು, ಆಗಸ್ಟಿನಲ್ಲಿ ಮತ್ತು ಜನವರಿಯಲ್ಲಿ ಒಂದೊಂದರಂತೆ ನಾಲ್ಕು ಕಂತು, ನಾಲ್ಕು ದರ. ಮೆಟ್ಟಿಲು ಒಂದೇ ಕಂತಿನ ಕೆಳಗೆ ಬಂದರೂ ಉಳಿದ ಮೂರಕ್ಕೆ ಅದು ತುಸು ಶಮನವಾಗಿರಬಹುದು. ಹಣ ಕಳುಹಿಸುವಾಗ ಒಂದು ಮಿತಿಯಿಂದಾಚೆ ಬ್ಯಾಂಕು ಮೂಲದಲ್ಲಿಯೇ ತೆರಿಗೆ ವಸೂಲು ಮಾಡುತ್ತದೆ. ಅದು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಕೆಯಾಗುವುದರಿಂದ ಖರ್ಚಲ್ಲ. ಆದರೆ ಕಳುಹಿಸುವ ದಿನ ಕೈಯಲ್ಲಿರಬೇಕಾದ ನಗದು.

ಹಾಸನದ ದಂಪತಿಗಳಿಗೆ ಈ ತಿಂಗಳಿನಿಂದಲೇ 37,500 ಕಷ್ಟವಾದರೆ ಮೊದಲ ವರ್ಷದ ಶುಲ್ಕವನ್ನು ಮಾತ್ರ ಗುರಿಯಾಗಿಟ್ಟುಕೊಳ್ಳಬಹುದು. ಆಗ ಆರಂಭದ ಕಂತು 18,750. ಎರಡನೆಯ ವರ್ಷಕ್ಕೆ ಶಿಕ್ಷಣ ಸಾಲವನ್ನೋ, ಅಷ್ಟರಲ್ಲಿ ಮಗಳೇ ಸಂಪಾದಿಸಿಕೊಳ್ಳಬಹುದಾದ ಸಹಾಯಕ ಹುದ್ದೆಯನ್ನೋ ಎದುರು ನೋಡಬಹುದು. ಹೀಗೆ ಮಾಡುವುದಾದರೂ ಏಪ್ರಿಲ್ಲಿನ ಹಾಳೆಯಲ್ಲಿ ಎರಡೂ ವರ್ಷದ ಶುಲ್ಕವನ್ನು ಬರೆದಿಡಲಿ. ಸಾಲ ಎಷ್ಟಾಗಬಹುದೆಂಬುದು ಆ ಹುಡುಗಿಗೆ ಎಂಜಿನಿಯರಿಂಗ್ ಸೇರುವ ಮೊದಲೇ ತಿಳಿದಿರುತ್ತದೆ.