‘ಶೇ. 36ರಷ್ಟು ಕಡಿಮೆ’: ಎಷ್ಟರಲ್ಲಿ ಕಡಿಮೆ ಅಂತ ಕೇಳಿದ್ದೀರಾ?

2025ರ ಜೂನ್-ಜುಲೈನಲ್ಲಿ ಹಾಸನದಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂದಾಗ, ಮೈಸೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗಾಗಿ ಜನ ಮುಗಿಬಿದ್ದಿದ್ದರು. ಆ ಭಯ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂತು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಬಗ್ಗೆ ಎರಡು ಫಾರ್ವರ್ಡ್‌ಗಳು. ‘ಹೃದಯಾಘಾತ ಶೇ. 36ರಷ್ಟು ಕಡಿಮೆ’ ಅಂತ ಒಂದು. ‘ನಿಜವಾದ ಲಾಭ ಬರೀ ಶೇ. 1, ಉಳಿದಿದ್ದೆಲ್ಲ ಕಂಪನಿಗಳ ಆಟ’ ಅಂತ ಇನ್ನೊಂದು.

ಮೊದಲನೆಯದನ್ನು ಓದಿದ ನನ್ನ ತಮ್ಮ, ವಯಸ್ಸು 34, ಬಿಪಿ ಇಲ್ಲ, ಶುಗರ್ ಇಲ್ಲ, ಮಾತ್ರೆ ಶುರು ಮಾಡಲಾ ಅಂತ ಕೇಳಿದ. ಎರಡನೆಯದನ್ನು ಓದಿದ ಚಿಕ್ಕಪ್ಪ, ಒಮ್ಮೆ ಹಾರ್ಟ್ ಅಟ್ಯಾಕ್ ಆದವರು, ಫೋನ್ ಮಾಡಿ, “ಒಂದು ಪರ್ಸೆಂಟಿಗೆ ದಿನಾ ಯಾಕಪ್ಪಾ ನುಂಗಲಿ? ನಿಲ್ಲಿಸ್ತೀನಿ” ಅಂದರು.

ಎರಡೂ ಅಂಕಿಗಳು ಒಂದೇ ಅಧ್ಯಯನದವು. ಎರಡೂ ಸರಿ. ಇಬ್ಬರ ತೀರ್ಮಾನ ಮಾತ್ರ ತಪ್ಪು.

ಆ ಅಧ್ಯಯನದ ಹೆಸರು ಆಸ್ಕಾಟ್. 2003ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಬಿಪಿ ಜೊತೆಗೆ ಇನ್ನೂ ಕನಿಷ್ಠ ಮೂರು ಅಪಾಯದ ಅಂಶಗಳಿದ್ದ, ಆದರೆ ಹೃದ್ರೋಗ ಇನ್ನೂ ಕಾಣಿಸಿಕೊಳ್ಳದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ ಸುಮಾರು 3.3 ವರ್ಷ ಗಮನಿಸಿದರು. ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡ 5,137 ಜನರಲ್ಲಿ 154 ಮಂದಿಗೆ ಹೃದಯಾಘಾತ ಅಥವಾ ಹೃದ್ರೋಗದಿಂದ ಸಾವು. ಅಟೊರ್ವಾಸ್ಟ್ಯಾಟಿನ್ ತೆಗೆದುಕೊಂಡ 5,168 ಜನರಲ್ಲಿ 100 ಮಂದಿಗೆ.

ಅಂದರೆ ಅಪಾಯ ಶೇ. 3ರಿಂದ ಶೇ. 1.9ಕ್ಕೆ ಇಳಿಯಿತು. ಇಳಿದಿದ್ದು ಸುಮಾರು 1.1. ಇದು ನಿರಪೇಕ್ಷ ಇಳಿಕೆ. ಆ ಇಳಿಕೆ ಮೊದಲಿದ್ದ ಮೂರರಲ್ಲಿ ಎಷ್ಟು ಪಾಲು ಅಂತ ನೋಡಿದರೆ ಶೇ. 36. ಇದು ಸಾಪೇಕ್ಷ ಇಳಿಕೆ. ಅಂಗಡಿಯ ಡಿಸ್ಕೌಂಟ್ ಥರ ಅನ್ಕೊಳ್ಳಿ. ಸೋಪಿಗೂ ಫ್ರಿಜ್ಜಿಗೂ ಶೇ. 36 ರಿಯಾಯಿತಿ ಇದ್ದರೂ ಜೇಬಲ್ಲಿ ಉಳಿಯುವ ದುಡ್ಡು ಒಂದೇ ಅಲ್ಲ. ಅಸಲು ಬೆಲೆ ಎಷ್ಟು ಅನ್ನೋದು ಮುಖ್ಯ.

ಒಬ್ಬರಿಗೆ ಲಾಭ ಆಗಬೇಕಾದರೆ ಎಷ್ಟು ಜನ ಮಾತ್ರೆ ತಗೋಬೇಕು? 100ನ್ನು ನಿರಪೇಕ್ಷ ಇಳಿಕೆಯಿಂದ ಭಾಗಿಸಿದರೆ ಇಲ್ಲಿ ಸುಮಾರು 94. ವೈದ್ಯರು ಇದನ್ನು ಎನ್‌ಎನ್‌ಟಿ ಅಂತಾರೆ. ‘ಹಾಗಾದರೆ 93 ಜನರಿಗೆ ಔಷಧ ಕೆಲಸ ಮಾಡಲಿಲ್ಲ’ ಅಂತ ಓದುವುದು ಸಾಮಾನ್ಯ ತಪ್ಪು. ಆ 94ರಲ್ಲಿ ಸುಮಾರು 91 ಜನರಿಗೆ ಮಾತ್ರೆ ಇಲ್ಲದಿದ್ದರೂ ಆ ಅವಧಿಯಲ್ಲಿ ಏನೂ ಆಗುತ್ತಿರಲಿಲ್ಲ. ಇಬ್ಬರಿಗೆ ಮಾತ್ರೆ ತಗೊಂಡರೂ ಆಗುತ್ತದೆ. ಒಬ್ಬರು ಪಾರಾಗುತ್ತಾರೆ. ಆ ಒಬ್ಬರು ಯಾರು ಅಂತ ಮೊದಲೇ ಗೊತ್ತಾಗಲ್ಲ, ಅದಕ್ಕೇ 94 ಜನರೂ ನುಂಗಬೇಕು.

ಈಗ ನನ್ನ ತಮ್ಮ. ಅದೇ ಮೂರು ವರ್ಷದಲ್ಲಿ ಅವನ ಅಪಾಯ ಸಾವಿರಕ್ಕೆ ಮೂರು ಅಂತ, ಬರೀ ಲೆಕ್ಕಕ್ಕಾಗಿ, ಇಟ್ಟುಕೊಳ್ಳೋಣ. ಅದೇ ಶೇ. 36 ಅವನಿಗೂ ಅನ್ವಯಿಸಿದರೆ ಇಳಿಯುವುದು ಸಾವಿರಕ್ಕೆ ಒಂದು. ಎನ್‌ಎನ್‌ಟಿ 900 ದಾಟುತ್ತದೆ. ಮಾತ್ರೆಯ ಅಡ್ಡಪರಿಣಾಮದ ಸಾಧ್ಯತೆ ಮಾತ್ರ ಹೀಗೆ ಕುಗ್ಗುವುದಿಲ್ಲ.

ಚಿಕ್ಕಪ್ಪನಿಗೆ ಆಸ್ಕಾಟ್ ಅನ್ವಯಿಸುವುದೇ ಇಲ್ಲ, ಅಲ್ಲಿ ಅವರಂಥವರು ಇರಲಿಲ್ಲ. ಅವರಿಗೆ ಹತ್ತಿರದ್ದು 1994ರ 4ಎಸ್ ಅಧ್ಯಯನ. ಅದರಲ್ಲಿದ್ದ 4,444 ಜನರೂ ಆಗಲೇ ಹೃದಯಾಘಾತ ಅಥವಾ ಎದೆನೋವು ಅನುಭವಿಸಿದವರು. ಐದೂವರೆ ವರ್ಷದ ಹೊತ್ತಿಗೆ ಹುಸಿ ಮಾತ್ರೆಯ ಗುಂಪಿನಲ್ಲಿ 256 ಸಾವು, ಸಿಮ್ವಾಸ್ಟ್ಯಾಟಿನ್ ಗುಂಪಿನಲ್ಲಿ 182. ಸಾಪೇಕ್ಷ ಇಳಿಕೆ ಶೇ. 30, ಆಸ್ಕಾಟ್‌ಗಿಂತ ಕಡಿಮೆಯೇ. ಆದರೆ ನಿರಪೇಕ್ಷ ಇಳಿಕೆ ಶೇ. 3.3, ಎನ್‌ಎನ್‌ಟಿ ಸುಮಾರು 30. ಅದೂ ಬರೀ ಹೃದಯಾಘಾತವಲ್ಲ, ಸಾವು ತಪ್ಪಿಸುವ ಲೆಕ್ಕ.

94 ಮತ್ತು 30ನ್ನು ಪಕ್ಕಪಕ್ಕ ಇಟ್ಟು ಯಾವ ಮಾತ್ರೆ ಒಳ್ಳೆಯದು ಅಂತ ಹೇಳಲಾಗದು. ರೋಗಿಗಳು ಬೇರೆ, ಅವಧಿ ಬೇರೆ, ಎಣಿಸಿದ್ದೂ ಬೇರೆ. 4ಎಸ್ ಕಾಲಕ್ಕಿಂತ ಇಂದಿನ ಚಿಕಿತ್ಸೆ ಸುಧಾರಿಸಿದೆ, ಹಾಗಾಗಿ ಚಿಕ್ಕಪ್ಪನ ಎನ್‌ಎನ್‌ಟಿ ಸರಿಯಾಗಿ 30 ಇರಬೇಕೆಂದೂ ಇಲ್ಲ. ಯಾರಲ್ಲಿ, ಎಷ್ಟು ವರ್ಷದಲ್ಲಿ, ಏನನ್ನು ತಪ್ಪಿಸಲು ಎಂಬುದಿಲ್ಲದ ಎನ್‌ಎನ್‌ಟಿ ಅರ್ಧ ಸುದ್ದಿ. ಲಾಭವನ್ನು ‘ಶೇ. 36’ ಎಂದು, ಅಡ್ಡಪರಿಣಾಮವನ್ನು ‘ಸಾವಿರಕ್ಕೆ ಒಂದು’ ಎಂದು ಬರೆದ ವರದಿ ಕಂಡರೆ ಹುಷಾರಾಗಿ. ಎರಡನ್ನೂ ಒಂದೇ ಅಳತೆಯಲ್ಲಿ ಅಳೆಯಬೇಕು.

ಚಿಕ್ಕಪ್ಪನಿಗೆ ಅಂಕಿಗಳನ್ನು ಕಾಗದದ ಮೇಲೆ ಬರೆದು ತೋರಿಸಿದೆ. “ಅಂದ್ರೆ ಆ ಒಂದು ಪರ್ಸೆಂಟು ನಂದಲ್ಲ?” ಅಂದರು. ಅಲ್ಲ ಚಿಕ್ಕಪ್ಪ, ನಿಮ್ಮದಲ್ಲ. ನಿಲ್ಲಿಸೋ ಮಾತಿದ್ದರೆ ನಿಮ್ಮ ಡಾಕ್ಟರ್ ಹತ್ರ ಆಡಿ, ಗ್ರೂಪ್‌ನಲ್ಲಿ ಬೇಡ.