ಸಂಡಿಗೆ ಮುಗಿದಿದೆ, ಮಾತು ಮುಗಿದಿಲ್ಲ

ನಮ್ಮೂರು ಕಡಬ. ಗುಬ್ಬಿ ತಾಲ್ಲೂಕು. ಶಿಂಷಾ ನೀರು ಬಂದು ನಿಲ್ಲುವ ದೊಡ್ಡ ಕೆರೆ ಇರೋ ಊರು ಅಂದ್ರೆ ಕೆಲವರಿಗೆ ಗೊತ್ತಾಗುತ್ತೆ. ಹಾಸ್ಟೆಲ್‌ನಲ್ಲಿ ಮಾತ್ರ ನಮ್ಮೂರಿಗೆ ಇನ್ನೊಂದು ಗುರುತು ಇದೆ, ಅದು ನಮ್ಮ ಚಿಕ್ಕಮ್ಮನ ಅಕ್ಕಿ ಸಂಡಿಗೆ. ಎರಡನೇ ಸೆಮಿಸ್ಟರ್ ರಜೆಯಲ್ಲಿ ಸುಮ್ಮನೆ ಕೂರೋಕಾಗದೆ ಅವರ ಸಂಡಿಗೆಗೆ ಒಂದು ಇನ್‌ಸ್ಟಾಗ್ರಾಮ್ ಪೇಜ್ ಮಾಡಿಕೊಟ್ಟೆ. ತಾರಸಿ ಮೇಲೆ ಹಳೇ ಸೀರೆ ಹಾಸಿ, ಬಿಸಿ ಗಂಜಿಯನ್ನ ಸೌಟಿಂದ ಬಿಡೋ ಒಂದು ರೀಲ್ ಹಾಕಿದ್ದೆ. ಹಾಕಿದಾಗ ಯಾರೂ ನೋಡಲಿಲ್ಲ. ಎರಡು ತಿಂಗಳು ಬಿಟ್ಟು, ಆಷಾಢದಲ್ಲಿ, ಮನೆಯಲ್ಲಿ ಒಂದು ಪ್ಯಾಕೆಟ್ಟೂ ಉಳಿದಿಲ್ಲದ ಹೊತ್ತಲ್ಲಿ ಅದು ಓಡೋಕೆ ಶುರುವಾಯ್ತು.

ಆಗ ನಾನು ಮಾಡಿದ್ದು ಎಲ್ಲರೂ ಮಾಡೋದನ್ನೇ. ಕೆಂಪು ಬಣ್ಣದಲ್ಲಿ "ಸೋಲ್ಡ್ ಔಟ್!! ನಿಮ್ಮ ಪ್ರೀತಿಗೆ ಧನ್ಯವಾದ, ಸ್ಟೇ ಟ್ಯೂನ್ಡ್" ಅಂತ ಒಂದು ಪೋಸ್ಟ್. ಕೆಳಗೆ ಹೃದಯದ ಗುರುತು ಬೇರೆ. ಅದನ್ನ ನೋಡಿ ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಮುಗೀತು ಅಂತ ಹೇಳಿದ್ಯಲ್ಲೋ, ಯಾವಾಗ ಬರುತ್ತೆ ಅಂತ ಯಾಕೆ ಹೇಳಿಲ್ಲ? ಅಂಗಡಿಗೆ ಬಂದೋರ್ಗೆ ಹಿಂಗೇ ಅಂತೀವಾ?"

ಆ ಪ್ರಶ್ನೆಯೇ ಈ ಲೇಖನದ ಜೀವ. ನನ್ನ ಅಭಿಪ್ರಾಯದಲ್ಲಿ "ಸೋಲ್ಡ್ ಔಟ್" ಅನ್ನೋದು ಮಾರೋರು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳೋ ಮಾತು. ಕೊಳ್ಳೋರಿಗೆ ಅದರಿಂದ ಏನೂ ಸಿಗಲ್ಲ. ಊರ ಅಂಗಡಿಯಲ್ಲಿ ಸಾಮಾನು ಮುಗಿದಾಗ ಅಂಗಡಿಯವರು ಏನು ಮುಗಿದಿದೆ, ಯಾಕೆ, ಯಾವಾಗ ಬರುತ್ತೆ ಅಂತ ಒಂದೇ ಉಸಿರಲ್ಲಿ ಹೇಳಿ, ಕೊನೆಗೆ "ಬಂದ ತಕ್ಷಣ ಹೇಳಿ ಕಳಿಸ್ತೀನಿ" ಅಂತಾರೆ. ಸ್ಟಾಕ್ ಇಲ್ಲದ ದಿನದ ಕ್ಯಾಪ್ಷನ್ನೂ ಅಷ್ಟು ಹೇಳಿದರೆ ಸಾಕು.

ಮೊದಲು ಕ್ಯಾಪ್ಷನ್ ಎಲ್ಲಿ ಹಾಕಬೇಕು ಅನ್ನೋದು. ನಾನು ಹೊಸ ಪೋಸ್ಟ್ ಹಾಕಿದ್ದೇ ತಪ್ಪು. ಜನ ಬರ್ತಾ ಇದ್ದದ್ದು ಹಳೇ ರೀಲಿಗೆ. ಅಲ್ಲಿ ಇನ್ನೂ "ಆರ್ಡರ್ ಮಾಡಿ" ಅಂತಲೇ ಇತ್ತು. ಕಾಮೆಂಟಲ್ಲಿ "ಬೆಲೆ ಎಷ್ಟು?" ಅಂತ ಕೇಳಿದವರಿಗೆಲ್ಲ "ಮುಗಿದಿದೆ" ಅಂತ ಟೈಪ್ ಮಾಡಿ ಮಾಡಿ ಬೆರಳು ಸವೀತು. ಹಾಕಿದ ರೀಲಿನ ಕ್ಯಾಪ್ಷನ್ ಆಮೇಲೂ ತಿದ್ದಬಹುದು. ರೀಲ್ ಡಿಲೀಟ್ ಮಾಡೋ ಅಗತ್ಯ ಇಲ್ಲ, ಮೊದಲ ಸಾಲು ಬದಲಿಸಿದರೆ ಆಯ್ತು. ಮೊದಲ ಸಾಲೇ ಯಾಕೆ ಅಂದ್ರೆ, ಕ್ಯಾಪ್ಷನ್ನಲ್ಲಿ 2,200 ಅಕ್ಷರದವರೆಗೂ ಬರೀಬಹುದು, ಆದರೆ ಫೀಡಲ್ಲಿ ಕಾಣೋದು ಸುಮಾರು 125 ಅಕ್ಷರ ಮಾತ್ರ. ಉಳಿದದ್ದು "more" ಒತ್ತಿದವರಿಗೆ. ಒತ್ತೋರು ಎಷ್ಟು ಜನ ಅಂತ ನಿಮ್ಮನ್ನ ನೀವೇ ಕೇಳಿಕೊಳ್ಳಿ. ಹಾಗಾಗಿ "ನಮಸ್ಕಾರ ಸ್ನೇಹಿತರೇ" ಅಂತ ಶುರು ಮಾಡಿದರೆ ಇರೋ ಜಾಗದಲ್ಲಿ ಒಂದಷ್ಟು ಅಲ್ಲೇ ಹೋಯ್ತು.

ಕೊನೆಗೆ ನಾವಿಬ್ಬರೂ ಕೂತು ಬರೆದದ್ದು ಇದು:

"ಅಕ್ಕಿ ಸಂಡಿಗೆ ಸದ್ಯಕ್ಕೆ ಮುಗಿದಿದೆ. ಮುಂದಿನದು ದೀಪಾವಳಿ ಕಳೆದು ಬಿಸಿಲು ಬಂದ ಮೇಲೆ. ಬೇಕಾದವರು 'ಸಂಡಿಗೆ' ಅಂತ ಮೆಸೇಜ್ ಹಾಕಿ.

ಮೋಡದಲ್ಲಿ ಒಣಗಿದ ಸಂಡಿಗೆ ಎಣ್ಣೆ ಕುಡಿಯುತ್ತೆ, ಅರಳಲ್ಲ. ಅದಕ್ಕೇ ನಿಲ್ಲಿಸಿದ್ದೀವಿ. ಎಷ್ಟು ಪ್ಯಾಕೆಟ್, ಯಾವ ಊರು ಅಂತ ಮೆಸೇಜಲ್ಲೇ ತಿಳಿಸಿ. ಒಣಗಿದ ದಿನ, ಮೆಸೇಜ್ ಬಂದ ಸರದಿಯಲ್ಲೇ ಹೇಳ್ತೀವಿ. ಈಗ ದುಡ್ಡು ಹಾಕಬೇಡಿ."

ಇದರಲ್ಲಿ ನನಗೂ ಚಿಕ್ಕಮ್ಮಂಗೂ ಜಗಳ ಆಗಿದ್ದು ದಿನಾಂಕದ ವಿಷಯಕ್ಕೆ. ಇಂಜಿನಿಯರಿಂಗ್ ಓದೋನು ನಾನು, ಡೆಡ್‌ಲೈನ್ ಬೇಕು, "ನವೆಂಬರ್ 10" ಅಂತ ಹಾಕೋಣ ಅಂದೆ. ಅವರು ಒಪ್ಪಲಿಲ್ಲ. ನಮ್ಮ ಕಡೆ ಜೋರು ಮಳೆ ಬರೋದೇ ಸೆಪ್ಟೆಂಬರ್, ಅಕ್ಟೋಬರಲ್ಲಿ. ಆಷಾಢ, ಶ್ರಾವಣದಲ್ಲಿ ಗಾಳಿ, ಮೋಡ, ತುಂತುರು. ಸಂಡಿಗೆಗೆ ಸತತವಾಗಿ ಎರಡು ಮೂರು ದಿನದ ಗಟ್ಟಿ ಬಿಸಿಲು ಬೇಕು. ಒಣಗಿದೆಯಾ ಅಂತ ಅವರು ನೋಡೋದು ಕೈಯಲ್ಲಿ ಮುರಿದು. ಟಪ್ ಅಂತ ಮುರೀಬೇಕು, ಬಗ್ಗಿದರೆ ಒಳಗೆ ಹಸಿ ಇದೆ ಅಂತ ಅರ್ಥ. ಹಸಿ ಇರೋದನ್ನ ಪ್ಯಾಕೆಟ್ಟಿಗೆ ಹಾಕಿದರೆ ಬೂಷ್ಟು. "ಬಿಸಿಲು ನಿನ್ನ ಕ್ಯಾಲೆಂಡರ್ ನೋಡ್ಕೊಂಡು ಬರಲ್ಲ" ಅಂದ್ರು. ಸರಿ, ಸೋತೆ. ದಿನಾಂಕ ಗೊತ್ತಿಲ್ಲದಿದ್ದರೆ ಸುಳ್ಳು ದಿನಾಂಕ ಹಾಕೋ ಬದಲು ಯಾವುದು ಆದ ಮೇಲೆ ಬರುತ್ತೆ ಅಂತ ಹೇಳೋದೇ ಮೇಲು. "ಸ್ಟೇ ಟ್ಯೂನ್ಡ್" ಅನ್ನೋದಕ್ಕಿಂತ "ದೀಪಾವಳಿ ಕಳೆದ ಮೇಲೆ" ಅನ್ನೋದು ಜನರ ತಲೆಯಲ್ಲಿ ನಿಲ್ಲುತ್ತೆ.

ಕಾರಣ ಹೇಳೋದರ ಬೆಲೆ ಏನು ಅಂತ ನೋಡೋಕೆ ನಮ್ಮ ತಾಲ್ಲೂಕಲ್ಲೇ ಒಂದು ಉದಾಹರಣೆ ಇದೆ. ಚೇಳೂರಿನ ಸಿದ್ದು ಹಲಸು. ತಾಮ್ರದ ಬಣ್ಣದ ತೊಳೆ, ರೈತ ಎಸ್.ಎಸ್. ಪರಮೇಶ ಅವರ ತೋಟದ ಮರ, ಅವರ ತಂದೆಯ ಹೆಸರಿಂದ ಬಂದ ಹೆಸರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು, ಅವರದೇ ಹಿರೇಹಳ್ಳಿ ಕೇಂದ್ರದ ಮೂಲಕ, ಆ ಮರವನ್ನ ಗುರುತಿಸಿ ಕಸಿ ಗಿಡ ಮಾಡಿಕೊಡೋಕೆ ರೈತರ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಗಿಡಕ್ಕೆ ಬೇಡಿಕೆ ಏರಿತು. ಅಷ್ಟು ಗಿಡ ಒಂದೇ ದಿನಕ್ಕೆ ಎಲ್ಲಿಂದ ಬರಬೇಕು? ಹಲಸಿನಲ್ಲಿ ಪರಾಗ ಬೇರೆ ಮರದಿಂದ ಬರುತ್ತೆ, ಬೀಜ ನೆಟ್ಟರೆ ತಾಯಿಮರದ ಗುಣವೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಕಸಿಯೇ ಕಟ್ಟಬೇಕು, ಕಸಿ ಕಡ್ಡಿ ಆ ಮರದಿಂದಲೇ ಬರಬೇಕು, ಕಟ್ಟಿದ್ದು ಚಿಗುರೋಕೆ ಕಾಯಬೇಕು. ಇಷ್ಟು ತಿಳಿದವನು "ಗಿಡ ಇಲ್ಲ" ಅಂದ್ರೆ ಸಿಟ್ಟಾಗಲ್ಲ, ಹೆಸರು ಬರೆಸಿ ಬರ್ತಾನೆ. ಕಾರಣ ತಿಳಿಯದವನಿಗೆ ಅದೇ ಮಾತು ಆಟ ಆಡಿಸಿದ ಹಾಗೆ ಕೇಳುತ್ತೆ.

ಆಟ ಆಡಿಸೋರೂ ಇದ್ದಾರೆ, ಆ ಮಾತೂ ಹೇಳಿಬಿಡ್ತೀನಿ. ಗೋಡೌನ್ ತುಂಬ ಮಾಲು ಇಟ್ಕೊಂಡು "ಕೊನೇ 2 ಮಾತ್ರ", "ಮುಗೀತು, ಡಿಎಂ ಮಾಡಿದವರಿಗೆ ಮಾತ್ರ" ಅಂತ ಹಾಕೋದು. ನಮ್ಮ ಕ್ಲಾಸಲ್ಲೇ ಟೀ ಶರ್ಟ್ ಮಾರೋ ಒಬ್ಬ ಇದನ್ನ ಮಾರ್ಕೆಟಿಂಗ್ ಅಂತಾನೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿರೋ 13 ಮೋಸದ ವಿಧಾನಗಳಲ್ಲಿ ಸುಳ್ಳು ತುರ್ತು ಕೂಡ ಒಂದು. ಅದು ದೊಡ್ಡ ಆ್ಯಪ್‌ಗಳಿಗೆ ಮಾತ್ರ ಅಲ್ಲ, ಮಾರಾಟಗಾರರಿಗೂ ಅನ್ವಯಿಸುತ್ತೆ. ಮಗಾ, ಓದ್ತಾ ಇದ್ರೆ ನೋಡ್ಕೋ.

ಇನ್ನು ಮೆಸೇಜ್ ವಿಷಯ. "ಬಂದಾಗ ನಾವೇ ತಿಳಿಸ್ತೀವಿ" ಅನ್ನೋದಕ್ಕಿಂತ "ನೀವು ಮೆಸೇಜ್ ಹಾಕಿ" ಅನ್ನೋದು ಯಾಕೆ ಒಳ್ಳೇದು ಅಂದ್ರೆ, ಅವರು ಮೊದಲು ಬರೆದರೆ ಅಲ್ಲೊಂದು ದಾರಿ ತೆರೆದಿರುತ್ತೆ. ನಾವೇ ಮೊದಲು ಬರೆದರೆ ನಮ್ಮ ಮೆಸೇಜ್ ಅವರ "Requests" ಪೆಟ್ಟಿಗೆಗೆ ಬಿದ್ದು ಅಲ್ಲೇ ಕೊಳೆಯಬಹುದು. ಅಪರಿಚಿತರು ನಮಗೆ ಬರೆದದ್ದೂ ಅಲ್ಲಿಗೇ ಬರುತ್ತೆ, ಅದನ್ನ ದಿನಕ್ಕೊಂದು ಸಲ ತೆಗೆದು ನೋಡಲೇಬೇಕು. ಮೊದಲ ವಾರ ನಾನು ನೋಡಲೇ ಇಲ್ಲ. ಇನ್ನೊಂದು ತಮಾಷೆ: "ಸಂಡಿಗೆ" ಅಂತ ಹಾಕಿ ಅಂದ್ರೆ ಅರ್ಧ ಜನ sandige ಅಂತ, ಕೆಲವರು sandge ಅಂತ ಹಾಕ್ತಾರೆ. ಆಮೇಲೆ ಹುಡುಕೋಕೆ ಹೋದ್ರೆ ಒಂದರಲ್ಲಿ ಸಿಕ್ಕೋರು ಇನ್ನೊಂದರಲ್ಲಿ ಸಿಗಲ್ಲ. ಅದಕ್ಕೇ ಬಂದ ದಿನವೇ ಹೆಸರು, ಊರು, ಪ್ಯಾಕೆಟ್ ಎಣಿಕೆಯನ್ನ ಒಂದು ನೋಟ್‌ಬುಕ್ಕಲ್ಲಿ ಬರೆದಿಡೋದು ಶುರು ಮಾಡಿದೆ. ಎಕ್ಸೆಲ್ ಶೀಟ್ ಮಾಡಿದ್ದೆ, ಚಿಕ್ಕಮ್ಮಂಗೆ ನೋಟ್‌ಬುಕ್ಕೇ ಇಷ್ಟ ಆಯ್ತು.

ಮಳೆ ನಿಂತು ಮೊದಲ ಸಲ ಒಣಗಿದ್ದು 40 ಪ್ಯಾಕೆಟ್. ನೋಟ್‌ಬುಕ್ಕಲ್ಲಿ 63 ಜನ, ಕೇಳಿದ್ದು ಒಟ್ಟು 110 ಪ್ಯಾಕೆಟ್. ಇಲ್ಲಿ ನಾನು ಎರಡು ಎಡವಟ್ಟು ಮಾಡಿದೆ. ಎಲ್ಲರ ನಂಬರ್ ತಗೊಂಡು ವಾಟ್ಸಾಪಲ್ಲಿ ಒಂದೇ ಬ್ರಾಡ್‌ಕಾಸ್ಟ್ ಹಾಕಿದೆ. ಬ್ರಾಡ್‌ಕಾಸ್ಟ್ ಹೋಗೋದು ನಮ್ಮ ನಂಬರ್ ಸೇವ್ ಮಾಡ್ಕೊಂಡಿರೋರಿಗೆ ಮಾತ್ರ ಅನ್ನೋದು ನನಗೆ ಆಗ ಗೊತ್ತಿರಲಿಲ್ಲ. ಸಂಡಿಗೆ ಕೇಳೋಕೆ ಯಾರು ನಂಬರ್ ಸೇವ್ ಮಾಡ್ಕೋತಾರೆ? ಬಹುತೇಕರಿಗೆ ತಲುಪಲೇ ಇಲ್ಲ. ತಲುಪಿದ್ದಿದ್ದರೆ ಇನ್ನೂ ಕೆಟ್ಟದಾಗ್ತಿತ್ತು, ಯಾಕಂದ್ರೆ 40 ಪ್ಯಾಕೆಟ್ಟಿಗೆ 63 ಜನರನ್ನ ಒಟ್ಟಿಗೆ ಕರೆದಿದ್ದೆ. ಕಾದು ಕೂತೋರಿಗೆ ಮತ್ತೆ "ಮುಗೀತು" ಅನ್ನೋದಕ್ಕಿಂತ ಮೊದಲೇ ಸುಮ್ಮನಿದ್ದಿದ್ದರೆ ವಾಸಿ.

ಆಮೇಲೆ ನೋಟ್‌ಬುಕ್ಕಿನ ಸರದಿಯಲ್ಲೇ ಹೋದ್ವಿ. ಒಬ್ಬರಿಗೆ ಎರಡು ಪ್ಯಾಕೆಟ್ಟಿಗಿಂತ ಹೆಚ್ಚಿಲ್ಲ ಅಂತ ಚಿಕ್ಕಮ್ಮ ತೀರ್ಮಾನ ಮಾಡಿದ್ರು. ಮೊದಲ 20 ಜನಕ್ಕೆ ಒಬ್ಬೊಬ್ಬರಿಗೇ, ಅವರು ಬರೆದಿದ್ದ ಮೆಸೇಜಿಗೇ ಉತ್ತರವಾಗಿ: "ಸಂಡಿಗೆ ಒಣಗಿದೆ. ನಿಮಗೆ ಅಂತ ಎರಡು ಎತ್ತಿಟ್ಟಿದ್ದೀವಿ. ನಾಳೆ ಸಂಜೆವರೆಗೆ ಹೇಳಿ, ಆಮೇಲೆ ಮುಂದಿನವರಿಗೆ." ಹನ್ನೆರಡು ಜನ ತಗೊಂಡ್ರು. ಮೂವರು "ಈಗ ಬೇಡ" ಅಂದ್ರು. ಐದು ಜನ ನೋಡಲೇ ಇಲ್ಲ. ಉಳಿದ 16 ಪ್ಯಾಕೆಟ್ಟಿಗೆ ಮರುದಿನ ಸಂಜೆ ಪಟ್ಟಿಯ ಮುಂದಿನ ಎಂಟು ಜನಕ್ಕೆ ಬರೆದೆ. 63ರಲ್ಲಿ ಎಲ್ಲರೂ ಕೊಳ್ಳೋರಲ್ಲ ಅಂತ ಗೊತ್ತಾಗಿದ್ದು ಹೀಗೆ. ನಾಲ್ಕು ತಿಂಗಳು ಕಳೆದರೆ ಆಸೆ ಆರಿರುತ್ತೆ, ಅದು ಸಹಜ. ಅದಕ್ಕೇ ನಡುವೆ ಒಂದು ಸಲ, ಗೌರಿ ಹಬ್ಬದ ಹೊತ್ತಿಗೆ, ಮೋಡ ಕವಿದ ತಾರಸಿಯ ಫೋಟೋ ಹಾಕಿ "ಇನ್ನೂ ಇಲ್ಲ, ನಿಮ್ಮ ಹೆಸರು ಪಟ್ಟಿಯಲ್ಲಿದೆ" ಅಂತ ಬರೆದಿದ್ದು ಒಳ್ಳೇದಾಯ್ತು ಅಂದ್ಕೊಂಡಿದ್ದೀನಿ. ಒಂದಕ್ಕಿಂತ ಹೆಚ್ಚು ಸಲ ಬರೆದಿದ್ದರೆ ಬ್ಲಾಕ್ ಮಾಡ್ತಿದ್ರೋ ಏನೋ.

ಮುಂಗಡ ದುಡ್ಡು ತಗೋಬಹುದಿತ್ತು, ಖಚಿತ ಗಿರಾಕಿ ಯಾರು ಅಂತ ಆಗಲೇ ತಿಳೀತಿತ್ತು ಅಂತ ನನ್ನ ರೂಮ್‌ಮೇಟ್ ವಾದ. ಮಾಲು ಖಚಿತ ಇದ್ದರೆ ಅವನ ಮಾತು ಸರಿ. ಬಿಸಿಲನ್ನ ನಂಬಿಕೊಂಡ ವ್ಯಾಪಾರದಲ್ಲಿ ದುಡ್ಡು ತಗೊಂಡು ಮಳೆ ಮುಂದುವರಿದರೆ ವಾಪಸ್ ಕೊಡೋ ಕೆಲಸವೇ ಒಂದು ಉದ್ಯೋಗ ಆಗುತ್ತೆ.

ಈ ಲೇಖನ ಬರೆಯೋ ಹೊತ್ತಿಗೆ ಎರಡನೇ ಸಲದ್ದು ತಾರಸಿ ಮೇಲಿದೆ. ಪಟ್ಟಿಯಲ್ಲಿ 29ನೇ ಹೆಸರಿಂದ ಶುರು. ನಿನ್ನೆ ಫೋನ್ ಮಾಡಿ ಇವತ್ತೇ ಮೆಸೇಜ್ ಹಾಕಿಬಿಡ್ಲಾ ಅಂತ ಕೇಳಿದೆ. "ತಡಿ, ಇನ್ನೊಂದು ಬಿಸಿಲು ಬೀಳ್ಲಿ. ಈಗಿನ್ನೂ ಬಗ್ತಾ ಇದೆ" ಅಂದ್ರು.